ಲೈನ್‌ಮನ್ನಿಗೆ ಹಾಕಿದ ಮೆಸೇಜನ್ನು ದೂರು ಅರ್ಜಿಯಾಗಿ ಬರೆಯುವುದು ಹೇಗೆ?

ಸೊಪ್ಪಿನಬೆಟ್ಟ
ಎಲ್ಲರಿಗೂ ನಮಸ್ಕಾರ. ಹೊಸನಗರ ಕಡೆಯ ಒಂದು ಮಜರೆ ನಮ್ಮದು. ಅಡಿಕೆ ಸುಲಿಯೋ ಟೈಮಲ್ಲಿ ಸಂಜೆ ಆಗ್ತಿದ್ದಂಗೆ ಕರೆಂಟು ಡಿಮ್ ಆಗ್ತದೆ. ಲೈನ್‌ಮನ್ನಿಗೆ ವಾಟ್ಸಾಪಲ್ಲಿ ಹೇಳ್ತಾನೇ ಇದೀವಿ. ಈಗ ಊರೋರೆಲ್ಲ ಸೇರಿ ಆಫೀಸಿಗೇ ಅರ್ಜಿ ಕೊಡೋಣ ಅಂತ ಮಾತಾಗಿದೆ, ಬರೆಯೋ ಕೆಲಸ ನನ್ನ ತಲೆಗೆ ಬಂದಿದೆ. ನಾನು ಕಳಿಸಿದ ಮೆಸೇಜು ಇದು:

"ಅಣ್ಣ ಎಂತ ಮಾರಾಯ ಮತ್ತೆ ಡಿಮ್ ಆತಲ. ಸಂಜೆ ಆದ್ರೆ ಸಾಕು ಬಲ್ಬು ಕಾಣೂದೇ ಇಲ್ಲ. ಮೊನ್ನೆ ಸುಲಿಯೋ ಮಿಷನ್ ಮೋಟ್ರು ಸುಟ್ಟೇ ಹೋತು, ಅದರ ದುಡ್ಡು ಯಾರ್ ಕೊಡ್ತಾರೆ. ಹೋದ್ಸಲ ಹೇಳ್ದಾಗ್ಲೂ ನಾಳೆ ಬರ್ತೆ ಅಂದೆ. ಆ ಹಳ್ಳದ ಹತ್ರದ ಟಿಸಿ ಚಿಕ್ಕದು, ಮನೆ ಎಲ್ಲ ಜಾಸ್ತಿ ಆಗಿದಾವೆ. ನಿಮ್ಮೋರಿಗೆ ಒಂಚೂರು ಹೇಳಿ ದೊಡ್ಡದು ಹಾಕ್ಸು. ಇಲ್ಲಾಂದ್ರೆ ಎಲ್ರೂ ಬಂದು ಆಫೀಸ್ ಮುಂದೆ ಕೂರ್ತೀವಿ ನೋಡು."

ವಿಷಯ ಎಲ್ಲ ಇದರಲ್ಲೇ ಇದೆ. ಇದನ್ನ ಆಫೀಸಿನ ಭಾಷೆಗೆ ತರೋದು ಹೇಗೆ? ಬರೀ ಶಬ್ದ ಬದಲಾಯಿಸಿದ್ರೆ ಸಾಕಾ?

ತುಂಗಾ ದಡ
ನಮ್ಮನೇಲೂ ಹಿಂಗೇ ಆಗ್ತಿತ್ತು. ಒಂದು ಒಳ್ಳೆ ಸ್ಟೆಬಿಲೈಸರ್ ಹಾಕ್ಸಿ, ಫ್ರಿಜ್ಜು ಟಿವಿಗೆ ತೊಂದ್ರೆ ಇಲ್ಲ. ಮೋಟರಿಗೆ ಬೇರೆ ಸಿಗ್ತದೆ, ಅಂಗಡೀಲಿ ಕೇಳಿ.

ಸೊಪ್ಪಿನಬೆಟ್ಟ
ಥ್ಯಾಂಕ್ಸ್. ಆದ್ರೆ ನಾನು ಕೇಳ್ತಿರೋದು ಅರ್ಜಿ ಬರೆಯೋ ರೀತಿ. ಊರಿಗೆಲ್ಲ ಸ್ಟೆಬಿಲೈಸರ್ ಹಾಕ್ಸೋಕೆ ಆಗಲ್ವಲ್ಲ.

ಕನ್ನಡ ಎಂ.ಎ.
ಔಪಚಾರಿಕ ಭಾಷೆ ಅಂದರೆ ಮೊದಲು ಗೌರವ. ನೀನು, ನೀವು ಹೋಗಿ ತಾವು ಬರಬೇಕು. ಆಡುಮಾತಿನ ಕ್ರಿಯಾಪದ ಗ್ರಂಥಸ್ಥ ಆಗಬೇಕು. ಗಂಭೀರವಾದ ಪದಗಳು ಬೇಕು. ನಾನು ಹೀಗೆ ಬರೆಯುತ್ತೇನೆ:

"ಘನತೆವೆತ್ತ ಮಹೋದಯರ ಸನ್ನಿಧಿಗೆ, ಅತೀವ ಖೇದದಿಂದ ನಿವೇದಿಸಿಕೊಳ್ಳುವುದೇನೆಂದರೆ, ವಿದ್ಯುಚ್ಛಕ್ತಿಯ ದೌರ್ಬಲ್ಯದಿಂದಾಗಿ ಸಮಸ್ತ ಗ್ರಾಮಸ್ಥರ ಬದುಕು ಅಂಧಕಾರದಲ್ಲಿ ಮುಳುಗಿದ್ದು, ಹಲವಾರು ಬಾರಿ ಮನವಿ ಮಾಡಿಕೊಂಡಾಗ್ಯೂ ಸಂಬಂಧಪಟ್ಟವರು ದಿವ್ಯ ನಿರ್ಲಕ್ಷ್ಯ ತಾಳಿರುವುದು ಖಂಡನೀಯವಾಗಿರುತ್ತದೆ. ಆದುದರಿಂದ ತಾವುಗಳು ಈ ಕೂಡಲೇ ಸೂಕ್ತ ಕ್ರಮ ಜರುಗಿಸಬೇಕಾಗಿ ಕಳಕಳಿಯ ಪ್ರಾರ್ಥನೆ."

ಹಳೇ ಗುಮಾಸ್ತ
ನಾನು ಶಿವಮೊಗ್ಗದಲ್ಲಿ ಒಂದು ಸರ್ಕಾರಿ ಕಚೇರಿಯ ತಪಾಲು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಎಂ.ಎ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ತಾವು ಬರಬೇಕು, ಕ್ರಿಯಾಪದ ಪೂರ್ತಿಯಾಗಬೇಕು, ಒಪ್ಪುತ್ತೇನೆ. ಆದರೆ ಅವರ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಯಾವ ಊರು? ಯಾವ ಟಿಸಿ? ಎಂದಿನಿಂದ? ಏನು ಮಾಡಬೇಕು? ಒಂದೂ ಇಲ್ಲ. ಸೊಪ್ಪಿನಬೆಟ್ಟದವರ ಮೆಸೇಜಿನಲ್ಲಿದ್ದ ಮಾಹಿತಿ ಈ ಪತ್ರದಲ್ಲಿ ಕಳೆದುಹೋಗಿದೆ.

ಅರ್ಜಿ ಕಚೇರಿಯೊಳಗೆ ಹೋದ ಮೇಲೆ ಏನಾಗುತ್ತದೆ ಗೊತ್ತಾದರೆ ಭಾಷೆ ಹೇಗಿರಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಮೊದಲು ತಪಾಲಿನವನು ತೆಗೆದುಕೊಳ್ಳುತ್ತಾನೆ. ಆವಕ ವಹಿಯಲ್ಲಿ ದಿನಾಂಕ, ಯಾರಿಂದ ಬಂತು, ವಿಷಯ ಏನು ಎಂದು ಒಂದು ಸಾಲು ಬರೆದು ನಂಬರು ಹಾಕುತ್ತಾನೆ. ಆ ಒಂದು ಸಾಲನ್ನು ಅವನು ನಿಮ್ಮ "ವಿಷಯ" ಎಂಬಲ್ಲಿಂದಲೇ ಎತ್ತಿ ಬರೆಯುವುದು. ಆಮೇಲೆ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಅವರು ಅಂಚಿನಲ್ಲಿ "ಶಾಖಾಧಿಕಾರಿ, ಪರಿಶೀಲಿಸಿ ವರದಿ ನೀಡಿ" ಎಂದು ಬರೆದು ಸಹಿ ಹಾಕುತ್ತಾರೆ. ಶಾಖಾಧಿಕಾರಿ ಅದನ್ನು ಹಿಡಿದುಕೊಂಡು ಸ್ಥಳಕ್ಕೆ ಬರಬೇಕು. ಈ ಮೂವರಲ್ಲಿ ಯಾರಿಗೂ ನಿಮ್ಮ ಹಳ್ಳ ಗೊತ್ತಿಲ್ಲ, ನಿಮ್ಮ ಮೊನ್ನೆ ಯಾವ ದಿನ ಎಂದು ಗೊತ್ತಿಲ್ಲ.

ಲೈನ್‌ಮನ್ನಿಗೆ ಎಲ್ಲ ಗೊತ್ತು. "ಆ ಟಿಸಿ" ಅಂದರೆ ಅವನ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಅವನ ಜೊತೆ ಆ ಭಾಷೆ ಸರಿ. ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಇಷ್ಟು: ಮೆಸೇಜಿನಲ್ಲಿ ಮೊನ್ನೆ, ನಾಳೆ, ಹೋದ್ಸಲ, ಆ, ಚಿಕ್ಕದು, ಜಾಸ್ತಿ, ಎಲ್ರೂ ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೆರೆ ಹಾಕಿ. ಒಂದೊಂದಕ್ಕೂ ದಿನಾಂಕ, ಜಾಗ, ಸಂಖ್ಯೆ ತುಂಬಿಸಿ. ಅದಾದ ಮೇಲೆ ತಾವು, ವಿದ್ಯುತ್ ಪರಿವರ್ತಕ, ಎಲ್ಲ ಸುಲಭ.

ಸೊಪ್ಪಿನಬೆಟ್ಟ
ಗುಮಾಸ್ತರೇ, ಕೂತು ತುಂಬಿಸಿದೆ. ಮನೆ 14. ಟಿಸಿ ಮೇಲೆ 25 ಕೆವಿಎ ಅಂತ ಬರೆದಿದೆ, ಕಂಬದ ನಂಬರೂ ಬರಕೊಂಡು ಬಂದೆ. ಮೋಟರು ಸುಟ್ಟಿದ್ದು ನವೆಂಬರ್ 6ಕ್ಕೆ. ಡಿಮ್ಮು ಅಕ್ಟೋಬರ್ ಕೊನೆ ವಾರದಿಂದ. ಆದ್ರೆ "ಡಿಮ್" ಅನ್ನೋದನ್ನ ಎಂತ ಅಂತ ಬರೀಲಿ?

ವೈರಿಂಗ್ ಕೆಲ್ಸ
ಅದಕ್ಕೆ ನಾನು ಹೇಳ್ತೆ. ಡಿಮ್ಮು ಅಂದ್ರೆ ಆಫೀಸಲ್ಲಿ ಯಾರೂ ತಲೆ ಕೆಡಿಸ್ಕಳಲ್ಲ, ವೋಲ್ಟೇಜ್ ಎಷ್ಟಿತ್ತು ಅಂತ ಬರೀರಿ. ಮಲ್ಟಿಮೀಟರ್ ಇಲ್ಲದಿದ್ರೆ ಯಾರಾದ್ರೂ ವೈರಿಂಗಿನೋರ ಹತ್ರ ಈಸ್ಕಳಿ. ಒಂದೇ ಮೀಟರು, ಒಂದೇ ಪ್ಲಗ್ಗು, ಸಂಜೆ 7 ಗಂಟೆಗೊಂದು, ಬೆಳಿಗ್ಗೆ 6ಕ್ಕೊಂದು ರೀಡಿಂಗು. ಬೆಳಿಗ್ಗೇದು ಯಾಕೆ ಅಂದ್ರೆ, ಆವಾಗ ಸರಿಯಿದ್ದು ಸಂಜೆ ಬಿದ್ರೆ ಲೋಡಿನಿಂದ ಆಗ್ತಿರೋದು ಅಂತ ಅವ್ರಿಗೇ ಗೊತ್ತಾಗ್ತದೆ. ಮನೆಗೆ ಬರಬೇಕಾದ್ದು 230 ವೋಲ್ಟು.

ಇನ್ನೊಂದು ಮುಖ್ಯ. ಮೆಸೇಜಲ್ಲಿ ಟಿಸಿ ಚಿಕ್ಕದು ಅಂತ ನೀವೇ ತೀರ್ಮಾನ ಕೊಟ್ಟಿದೀರಿ. ಅರ್ಜೀಲಿ ಹಂಗೆ ಬರೀಬೇಡಿ. ಟಿಸಿ ಹತ್ರದ ಮನೇಲಿ ಸಂಜೆ ವೋಲ್ಟೇಜ್ ಎಷ್ಟು, ಕೊನೇ ಮನೇಲಿ ಎಷ್ಟು ನೋಡಿದೀರಾ? ಎರಡೂ ಕಡೆ ಬಿದ್ರೆ ಟಿಸಿ ಲೋಡು ಇರಬಹುದು, ಇಲ್ಲ ಹಿಂದಿನ ಹೈಟೆನ್ಷನ್ ಲೈನಿಂದಲೇ ಕಮ್ಮಿ ಬರ್ತಿರಬಹುದು. ಹತ್ರದ ಮನೆ ಚೆನ್ನಾಗಿದ್ದು ಕೊನೇ ಮನೆ ಮಾತ್ರ ಬಿದ್ರೆ ತಂತಿ ಸಣ್ಣದು, ದೂರ ಜಾಸ್ತಿ, ಅಥವಾ ಎಲ್ಲ ಮನೇನೂ ಒಂದೇ ಫೇಸಿಗೆ ಕೊಟ್ಟಿದಾರೆ. ಮಲೆನಾಡಲ್ಲಿ ತೋಟದ ಮನೆ ಒಂದಕ್ಕೊಂದು ದೂರ, ಹಿಂಗಾಗದೇ ಹೆಚ್ಚು. ನೀವು "ಟಿಸಿ ಚಿಕ್ಕದು" ಅಂತ ಬರೆದ್ರೆ ಅವ್ರು ಬಂದು ಟಿಸಿ ಲೋಡು ಅಳೀತಾರೆ, ಸರಿಯಿದೆ ಅಂತ ವರದಿ ಹಾಕ್ತಾರೆ, ಫೈಲು ಮುಗೀತು. ತೊಂದ್ರೆ ಹಂಗೇ ಇರ್ತದೆ.

ಒಂದು ಮನೇಲಿ ಡಿಮ್ಮು, ಪಕ್ಕದ್ರಲ್ಲಿ ಬಲ್ಬು ಜಾಸ್ತಿ ಬೆಳಗಿ ಸುಟ್ಟು ಹೋಗ್ತಿದ್ರೆ ಅದು ಬೇರೆ ಕತೆ. ನ್ಯೂಟ್ರಲ್ ಬಿಟ್ಟಿರ್ತದೆ. ಆವಾಗ ಅರ್ಜಿ ಬರೀತಾ ಕೂರಬೇಡಿ, ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ.

ಹಳೇ ಗುಮಾಸ್ತ
ಇದು ಬಹಳ ಒಳ್ಳೆ ಮಾತು. ದೂರು ಕೊಡುವವರು ಕಂಡದ್ದನ್ನು ಬರೆಯಬೇಕು, ಕಾರಣ ಹುಡುಕುವುದನ್ನು ಕೋರಿಕೆಯಲ್ಲಿ ಇಡಬೇಕು. "ಪರಿವರ್ತಕ ಚಿಕ್ಕದಾಗಿರುತ್ತದೆ" ಎನ್ನುವ ಬದಲು "ಕಾರಣವನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಸಾಮರ್ಥ್ಯ ಹೆಚ್ಚಿಸಬೇಕು" ಎಂದರೆ ಬಾಗಿಲು ಮುಚ್ಚುವುದಿಲ್ಲ.

ಆಗುಂಬೆ ಮಳೆ
ನಮ್ಮೂರಿಗೆ ಬರ್ತಿದ್ದ ಸಂಜೆ ಬಸ್ಸು ನಿಲ್ಸಿದಾರೆ. ಕಾಲೇಜು ಮಕ್ಕಳು ನಡ್ಕೊಂಡು ಬರ್ತವೆ. ನಾವೂ ಇದೇ ಥರ ಬರೀಬಹುದಾ? ನಾವು ಒಂದು ಅರ್ಜಿ ಕೊಟ್ಟಿದ್ವಿ, ಬಸ್ಸು, ರಸ್ತೆ ಗುಂಡಿ, ಬಸ್ ಸ್ಟ್ಯಾಂಡಿನ ಶೀಟು ಹಾರಿ ಹೋಗಿದ್ದು ಎಲ್ಲ ಸೇರ್ಸಿ. ಉತ್ತರನೇ ಇಲ್ಲ.

ಹಳೇ ಗುಮಾಸ್ತ
ಅಲ್ಲೇ ಸಿಕ್ಕಿಹಾಕಿಕೊಂಡಿರಬಹುದು ತಾಯಿ. ಬಸ್ಸು ಒಂದು ಇಲಾಖೆ, ರಸ್ತೆ ಇನ್ನೊಂದು, ತಂಗುದಾಣ ಪಂಚಾಯಿತಿ ಕಡೆಗೆ ಬರಬಹುದು. ಒಂದು ಅರ್ಜಿಗೆ ಒಂದೇ ಕಡತ. ಮೂರು ವಿಷಯ ಬರೆದರೆ ಮೊದಲನೆಯದು ಯಾರಿಗೆ ಸೇರಿದ್ದೋ ಅಲ್ಲಿಗೆ ಹೋಗುತ್ತದೆ, ಉಳಿದದ್ದು "ನಮಗೆ ಸಂಬಂಧಿಸಿರುವುದಿಲ್ಲ" ಆಗುತ್ತದೆ. ಬಸ್ಸಿನದ್ದೊಂದನ್ನೇ ಬೇರೆ ಬರೆಯಿರಿ, ಯಾವ ಮಾರ್ಗ, ಎಷ್ಟು ಗಂಟೆಯ ಬಸ್ಸು, ಯಾವ ದಿನದಿಂದ ನಿಂತಿತು, ಎಷ್ಟು ಮಕ್ಕಳು ಎಂದು.

ಸೊಪ್ಪಿನಬೆಟ್ಟದವರಿಗೂ ಇದೇ ಮಾತು. ಮೋಟರಿನ ಪರಿಹಾರವನ್ನು ಈ ಅರ್ಜಿಗೆ ಸೇರಿಸಬೇಡಿ.

ಸೊಪ್ಪಿನಬೆಟ್ಟ
ಮೋಟರು ಬಿಟ್ರೆ ಹೇಗೆ? ಅದೇ ಅಲ್ವ ದೊಡ್ಡ ನಷ್ಟ. ಸುಲಿಗೆ ಟೈಮಲ್ಲಿ ಮಿಷನ್ ನಿಂತ್ರೆ ಅಡಿಕೆ ಹಣ್ಣಾಗಿ ಹೋಗ್ತದೆ, ಬೇಯಿಸೋ ಹದ ತಪ್ಪುತ್ತದೆ.

ಹಳೇ ಗುಮಾಸ್ತ
ಬಿಡುವುದು ಬೇಡ. ಘಟನೆಯಾಗಿ ಬರೆಯಿರಿ, ಬೇಡಿಕೆಯಾಗಿ ಬೇಡ. "ದಿನಾಂಕ 6ರಂದು ಮೋಟರು ಸುಟ್ಟಿರುತ್ತದೆ" ಎಂದರೆ ಅದು ನಿಮ್ಮ ದೂರಿಗೆ ಸಾಕ್ಷಿ. ಹಣ ಕೇಳುವುದು ಪ್ರತ್ಯೇಕ ಪತ್ರದಲ್ಲಿ, ರಿಪೇರಿ ಬಿಲ್ಲಿನ ನಕಲಿನೊಂದಿಗೆ, ಆ ಮನೆಯವರೊಬ್ಬರ ಸಹಿಯಲ್ಲಿ.

ಕೋರ್ಟು ಕಚೇರಿ
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ವಿದ್ಯುತ್ ಕಾಯ್ದೆ 2003ರ 57ನೇ ಸೆಕ್ಷನ್ನಿನಲ್ಲಿ ಸೇವೆಯ ಗುಣಮಟ್ಟ ತಪ್ಪಿದರೆ ಪರಿಹಾರ ಕೊಡಬೇಕು ಅಂತಿದೆ. ಮೊದಲ ಪತ್ರದಲ್ಲೇ ಕೇಳದಿದ್ದರೆ ಆಮೇಲೆ "ನೀವು ಆಗ ಕೇಳಲೇ ಇಲ್ಲ" ಅನ್ನುತ್ತಾರೆ. ಒಂದು ಸಾಲಾದರೂ ಇರಲಿ: "ಪರಿಹಾರ ಕೋರುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತೇವೆ."

ಹಳೇ ಗುಮಾಸ್ತ
ವಕೀಲರ ನೋಟಿಸಿಗೆ ಆ ಸಾಲು ಹೊಂದುತ್ತದೆ. ಊರಿನವರ ಮೊದಲ ಅರ್ಜಿಯಲ್ಲಿ ಅದನ್ನು ಕಂಡ ಅಧಿಕಾರಿ ಶಾಖಾಧಿಕಾರಿಗೆ ಕಳಿಸುವ ಬದಲು ಕಾನೂನು ವಿಭಾಗದ ಅಭಿಪ್ರಾಯಕ್ಕೆ ಕಳಿಸಬಹುದು, ಅಲ್ಲಿ ತಡವಾಗುತ್ತದೆ. ನನ್ನ ಅನುಭವ ಇದು. ನಿಮ್ಮ ಆತಂಕವೂ ಸುಳ್ಳಲ್ಲ. ಸೊಪ್ಪಿನಬೆಟ್ಟದವರು ನಿರ್ಧಾರ ಮಾಡಲಿ.

ಸೊಪ್ಪಿನಬೆಟ್ಟ
ಇನ್ನೊಂದು ವಿಷಯ ಮನಸ್ಸಿಗೆ ಬಹಳ ಕೊರೀತಿದೆ. ನಮ್ಮ ಲೈನ್‌ಮನ್ ಒಳ್ಳೆಯವ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದಾಗ ರಾತ್ರಿ ಟಾರ್ಚ್ ಹಿಡ್ಕೊಂಡು ಕಾಡಿನೊಳಗೆ ಹೋಗಿ ಸರಿ ಮಾಡಿದಾನೆ, ಜಿಗಣೆ ಕಚ್ಚಿಸ್ಕೊಂಡು. "ನಾಳೆ ಬರ್ತೆ ಅಂದೆ, ಬರಲಿಲ್ಲ" ಅನ್ನೋದನ್ನ ಅರ್ಜೀಲಿ ಹೆಂಗೆ ಬರೀಲಿ? ಅವನ ಕೆಲಸಕ್ಕೆ ಕಷ್ಟ ಆಗಬಾರದು.

ಹಳೇ ಗುಮಾಸ್ತ
ಆಡುಮಾತಿನಲ್ಲಿ ಯಾರು ಮಾಡಿದರು ಎಂದು ಹೇಳದೆ ವಾಕ್ಯ ಮುಗಿಸುವುದು ಕಷ್ಟ. ನೀನು ಅಂದೆ, ಅವನು ಬರಲಿಲ್ಲ. ಕಚೇರಿ ಭಾಷೆಯಲ್ಲಿ "ತಿಳಿಸಲಾಗಿದೆ", "ಸರಿಪಡಿಸಲಾಗಿರುವುದಿಲ್ಲ" ಎಂದರೆ ಮಾಡಿದವರ ಹೆಸರು ಬೇಕಾಗುವುದಿಲ್ಲ. ಇಂಥ ಕಡೆ ಅದು ನಿಮ್ಮ ಕೈ ಹಿಡಿಯುತ್ತದೆ. "ಸ್ಥಳೀಯ ಸಿಬ್ಬಂದಿಯವರ ಗಮನಕ್ಕೆ ಮೌಖಿಕವಾಗಿ ಹಾಗೂ ವಾಟ್ಸಾಪ್ ಮೂಲಕ ತರಲಾಗಿದೆ" ಎಂದು ದಿನಾಂಕ ಹಾಕಿ. ಟಿಸಿ ಬದಲಿಸುವುದಕ್ಕೆ ಅಂದಾಜು ಪಟ್ಟಿ ಆಗಬೇಕು, ಮೇಲಿಂದ ಮಂಜೂರಾತಿ ಬರಬೇಕು. ಲೈನ್‌ಮನ್ ಕೈಯಲ್ಲಿ ಅದಿಲ್ಲ. ಬೇಕಿದ್ದರೆ "ಸದರಿ ಸಮಸ್ಯೆಯು ಅವರ ಹಂತದಲ್ಲಿ ಪರಿಹಾರವಾಗುವಂಥದ್ದಲ್ಲವೆಂದು ತಿಳಿದುಬಂದಿರುತ್ತದೆ" ಎಂಬ ಸಾಲು ಸೇರಿಸಿ. ಅವನ ಮೇಲೆ ದೂರಲ್ಲ ಎಂದು ಅಧಿಕಾರಿಗೆ ಅರ್ಥವಾಗುತ್ತದೆ.

ಆದರೆ ನಿಮ್ಮ ಕಡೆಯ ಕೆಲಸಗಳಿಗೆ ಈ "ಲಾಗಿದೆ" ಬೇಡ. "ಅಳತೆ ಮಾಡಲಾಗಿದೆ" ಎಂದರೆ ಯಾರು ಮಾಡಿದ್ದು ಎಂಬ ಪ್ರಶ್ನೆ ಬರುತ್ತದೆ. "ನಾವು ಅಳತೆ ಮಾಡಿರುತ್ತೇವೆ" ಎಂದೇ ಬರೆಯಿರಿ.

ತುಂಗಾ ದಡ
ಹೆಸರು ಹಾಕದಿದ್ರೆ ಯಾರೂ ಜವಾಬ್ದಾರಿ ತಗೊಳಲ್ಲ. ಒಳ್ಳೆಯವರು ಅಂತ ಬಿಟ್ಟು ಬಿಟ್ಟೇ ಎಲ್ಲ ಹಿಂಗಾಗಿರೋದು. ಯಾರಿಗೆ, ಯಾವತ್ತು ಹೇಳಿದ್ವಿ ಅಂತ ಹೆಸರು ಸಮೇತ ಇರಬೇಕು.

ವೈರಿಂಗ್ ಕೆಲ್ಸ
ಹೆಸರು ಹಾಕಿದ್ರೆ ಅವನಿಗೆ ಮೆಮೋ ಬರ್ತದೆ, ನಿಮಗೆ ವೋಲ್ಟೇಜ್ ಬರಲ್ಲ. 1912ಕ್ಕೆ ದೂರು ಹೇಳಿ ಅವ್ರು ಕೊಡೋ ನಂಬರು ಬರಕಳಿ. ಹೇಳಿದ್ದಕ್ಕೆ ಅದೇ ದಾಖಲೆ, ಯಾರ ಹೆಸರೂ ಬೇಕಾಗಲ್ಲ.

ತುಂಗಾ ದಡ
ನನಗೆ ಅದು ಸಾಕು ಅನ್ಸಲ್ಲ.

ಸೊಪ್ಪಿನಬೆಟ್ಟ
ಹೆಸರು ಹಾಕಲ್ಲ ಅಂತ ಊರಲ್ಲಿ ತೀರ್ಮಾನ ಆಯ್ತು. ಟಿಸಿ ಹತ್ರದ ಮನೇಲೂ ನೋಡಿದೆ, ಸಂಜೆ 204 ಬಂತು. ಕೊನೇ ಮನೇಲಿ 150ರ ಹತ್ರ. 1912ಕ್ಕೂ ಹೇಳಿ ನಂಬರು ತಗೊಂಡಿದೀನಿ. ಕರಡು ಹಾಕ್ತಿದೀನಿ, ತಿದ್ದಿ ಕೊಡಿ.

ಹಳೇ ಗುಮಾಸ್ತ
ನಿಮ್ಮ ಕರಡು ಚೆನ್ನಾಗಿತ್ತು. ಸ್ವಲ್ಪ ತಿದ್ದಿ ಪೂರ್ತಿ ಹಾಕಿದ್ದೇನೆ. ಬಿಟ್ಟ ಜಾಗ ನೀವು ತುಂಬಿಕೊಳ್ಳಿ.

ಇವರಿಂದ: (ಹೆಸರು, ವಿಳಾಸ, ಫೋನ್, ಆರ್.ಆರ್. ಸಂಖ್ಯೆ) ಹಾಗೂ ಇತರ ಗ್ರಾಹಕರು

ಇವರಿಗೆ: ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿದ್ಯುತ್), ಕಾರ್ಯ ಮತ್ತು ಪಾಲನಾ ಉಪವಿಭಾಗ, ____

ಮಾನ್ಯರೇ,

ವಿಷಯ: ____ ಗ್ರಾಮದ ____ ಮಜರೆಯ 14 ಮನೆಗಳಲ್ಲಿ ಸಂಜೆ ವೇಳೆ ಉಂಟಾಗುತ್ತಿರುವ ಕಡಿಮೆ ವೋಲ್ಟೇಜ್ ಸಮಸ್ಯೆಯನ್ನು ಪರಿಶೀಲಿಸಿ ಸರಿಪಡಿಸುವ ಬಗ್ಗೆ.

ಉಲ್ಲೇಖ: 1912 ಸಹಾಯವಾಣಿ ದೂರು ಸಂಖ್ಯೆ ____, ದಿನಾಂಕ ____

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಮಜರೆಯ 14 ಮನೆಗಳಿಗೆ ಹಳ್ಳದ ಸೇತುವೆಯ ಪಕ್ಕದಲ್ಲಿರುವ 25 ಕೆವಿಎ ವಿದ್ಯುತ್ ಪರಿವರ್ತಕದಿಂದ (ಕಂಬ ಸಂಖ್ಯೆ ____) ವಿದ್ಯುತ್ ಪೂರೈಕೆಯಾಗುತ್ತಿದೆ. ಅಕ್ಟೋಬರ್ ಕೊನೆಯ ವಾರದಿಂದ ಪ್ರತಿದಿನ ಸಂಜೆ ಸುಮಾರು 6ರಿಂದ 10 ಗಂಟೆಯವರೆಗೆ ವೋಲ್ಟೇಜ್ ತೀವ್ರವಾಗಿ ಕುಸಿಯುತ್ತಿದೆ. ಮಾರ್ಗದ ಕೊನೆಯ ಮನೆಯಲ್ಲಿ ನಾವು ಅಳತೆ ಮಾಡಿದಂತೆ, ನವೆಂಬರ್ 10ರಂದು ಬೆಳಿಗ್ಗೆ 6 ಗಂಟೆಗೆ 221 ವೋಲ್ಟ್ ಇದ್ದು, ಅದೇ ದಿನ ಸಂಜೆ 7 ಗಂಟೆಗೆ 152 ವೋಲ್ಟ್ ಇರುತ್ತದೆ. ಅದೇ ಸಂಜೆ ಪರಿವರ್ತಕದ ಸಮೀಪದ ಮನೆಯಲ್ಲಿ 204 ವೋಲ್ಟ್ ಇರುತ್ತದೆ.

ಈ ಕಾರಣದಿಂದ ಅಡಿಕೆ ಸುಲಿಯುವ ಯಂತ್ರಗಳನ್ನು ಸಂಜೆ ನಡೆಸಲು ಸಾಧ್ಯವಾಗುತ್ತಿಲ್ಲ. ನವೆಂಬರ್ 6ರಂದು ಸಂಜೆ ಒಂದು ಯಂತ್ರದ ಮೋಟರು ಸುಟ್ಟಿರುತ್ತದೆ. ಸಮಸ್ಯೆಯನ್ನು ಸ್ಥಳೀಯ ಸಿಬ್ಬಂದಿಯವರ ಗಮನಕ್ಕೆ ತರಲಾಗಿದ್ದು, ಇದು ಅವರ ಹಂತದಲ್ಲಿ ಪರಿಹಾರವಾಗುವಂಥದ್ದಲ್ಲವೆಂದು ತಿಳಿದುಬಂದಿರುತ್ತದೆ.

ಆದ್ದರಿಂದ ತಾವು ಸಂಜೆ 6ರಿಂದ 10 ಗಂಟೆಯ ಅವಧಿಯಲ್ಲಿ ಸ್ಥಳ ಪರಿಶೀಲನೆ ನಡೆಸಿ, ಪರಿವರ್ತಕದ ಹೊರೆ ಹಾಗೂ ವಿದ್ಯುತ್ ಮಾರ್ಗ ಎರಡನ್ನೂ ಪರೀಕ್ಷಿಸಿ, ಅಗತ್ಯವಿರುವ ಬದಲಾವಣೆ ಮಾಡಿಸಿಕೊಡಬೇಕೆಂದು ಹಾಗೂ ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಸ್ಥಳ, ದಿನಾಂಕ. ತಮ್ಮ ವಿಶ್ವಾಸಿಗಳು, (ಸಹಿ)

ಲಗತ್ತು: ವೋಲ್ಟೇಜ್ ಅಳತೆಯ ಪಟ್ಟಿ, ಗ್ರಾಹಕರ ಸಹಿ ಪಟ್ಟಿ.
ಪ್ರತಿ: ಶಾಖಾಧಿಕಾರಿಯವರಿಗೆ, ಮಾಹಿತಿಗಾಗಿ.

ಕನ್ನಡ ಎಂ.ಎ.
ಓದಿದೆ. ಎಲ್ಲೂ ಪ್ರಾರ್ಥನೆ, ಕಳಕಳಿ ಇಲ್ಲದಿದ್ದರೂ ಒರಟು ಅನ್ನಿಸುವುದಿಲ್ಲ. ಒಂದು ಅನುಮಾನ. "ಕುಸಿಯುತ್ತಿದೆ" ಒಂದು ಕಡೆ, "ಸುಟ್ಟಿರುತ್ತದೆ" ಇನ್ನೊಂದು ಕಡೆ. ಎಲ್ಲ ಕಡೆ "ಇರುತ್ತದೆ" ಇರಬೇಕಲ್ಲವೇ?

ಹಳೇ ಗುಮಾಸ್ತ
ಈಗಲೂ ನಡೆಯುತ್ತಿರುವುದಕ್ಕೆ "ಕುಸಿಯುತ್ತಿದೆ" ಸಾಕು. ದಾಖಲಿಸುವ ಸಂಗತಿಗೆ ಕಚೇರಿಯಲ್ಲಿ "ಇರುತ್ತದೆ" ರೂಢಿ. ನನ್ನನ್ನು ಕೇಳಿದರೆ "ಸುಟ್ಟಿದೆ" ಎಂದು ಬರೆದರೂ ಅರ್ಜಿಯ ತೂಕ ಕಡಿಮೆಯಾಗುವುದಿಲ್ಲ. ಎಲ್ಲಾ ವಾಕ್ಯಕ್ಕೂ "ಇರುತ್ತದೆ" ಅಂಟಿಸಿದರೆ ಮುಗಿದದ್ದು ಯಾವುದು, ನಡೆಯುತ್ತಿರುವುದು ಯಾವುದು ಎಂದೇ ತಿಳಿಯುವುದಿಲ್ಲ. ಕಚೇರಿಯವರೇ ಹೀಗೆ ಬರೆದ ಕಡತಗಳನ್ನು ಓದಿ ನಾನು ಬಹಳ ಸಂಕಟಪಟ್ಟಿದ್ದೇನೆ.

ಕೋರ್ಟು ಕಚೇರಿ
"ಆಫೀಸ್ ಮುಂದೆ ಕೂರ್ತೀವಿ" ಅನ್ನುವುದು ಪೂರ್ತಿ ಹೋಯಿತಲ್ಲ. ಅದಕ್ಕೊಂದು ಔಪಚಾರಿಕ ರೂಪ ಇದೆ. ಇದೇ ಕಾಯ್ದೆಯ 42ನೇ ಸೆಕ್ಷನ್ನಿನಂತೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. "ನಿಗದಿತ ಅವಧಿಯಲ್ಲಿ ಕ್ರಮವಾಗದಿದ್ದಲ್ಲಿ ವೇದಿಕೆಯ ಮುಂದೆ ಹೋಗುವುದು ಅನಿವಾರ್ಯವಾಗುತ್ತದೆ" ಎನ್ನಿ.

ಹಳೇ ಗುಮಾಸ್ತ
ಅದನ್ನು ಎರಡನೇ ಪತ್ರಕ್ಕೆ ಇಟ್ಟುಕೊಳ್ಳಿ. ಎರಡನೆಯದರ "ಉಲ್ಲೇಖ"ದಲ್ಲಿ ಮೊದಲ ಅರ್ಜಿಯ ಆವಕ ಸಂಖ್ಯೆ ಬಂದಾಗ ಆ ಸಾಲಿಗೆ ಬಲ ಬರುತ್ತದೆ. ಆದ್ದರಿಂದ ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡೇ ಬನ್ನಿ.

ಆಗುಂಬೆ ಮಳೆ
ಸಹಿ ಪಟ್ಟಿ ಹೆಂಗೆ ಮಾಡೋದು ಸರ್? ನಾವು ಖಾಲಿ ಹಾಳೇಲಿ ಬರೀ ಸಹಿ ಹಾಕ್ಸಿದ್ವಿ.

ಹಳೇ ಗುಮಾಸ್ತ
ಹಾಳೆಯ ತಲೆಯಲ್ಲಿ ಅರ್ಜಿಯ ವಿಷಯ ಮತ್ತು ದಿನಾಂಕ ಮತ್ತೆ ಬರೆಯಿರಿ. ಇಲ್ಲದಿದ್ದರೆ ಆ ಸಹಿಗಳು ಯಾವ ಅರ್ಜಿಗೆ ಸೇರಿದವು ಎಂದು ಯಾರೂ ಹೇಳಲಾರರು. ಕೆಳಗೆ ಕ್ರಮಸಂಖ್ಯೆ, ಹೆಸರು, ಫೋನ್, ಸಹಿ ಎಂದು ಗೆರೆ ಹಾಕಿ. ಕರೆಂಟಿನ ಅರ್ಜಿಗಾದರೆ ಆರ್.ಆರ್. ಸಂಖ್ಯೆಯ ಕಾಲಂ ಬೇಕೇ ಬೇಕು. ಬಸ್ಸಿಗೆ ಅದರ ಬದಲು ಮಗುವಿನ ಹೆಸರು, ಕಾಲೇಜು. ಹೆಬ್ಬೆಟ್ಟು ಒತ್ತುವವರಿದ್ದರೆ ಪಕ್ಕದಲ್ಲಿ ಹೆಸರು ಬರೆದು, ಬರೆದವರು ಸಣ್ಣ ಸಹಿ ಹಾಕಿ.

ಸೊಪ್ಪಿನಬೆಟ್ಟ
ಸೋಮವಾರ ಕೊಡ್ತಿದೀವಿ. ಮೋಟರಿನದ್ದು ಬೇರೆ ಪತ್ರ ಬರೆಯೋದಾ, ಇದರಲ್ಲೇ ಕೋರ್ಟು ಕಚೇರಿಯವರ ಸಾಲು ಹಾಕೋದಾ ಅಂತ ಇನ್ನೂ ಮಾತು ಮುಗಿದಿಲ್ಲ, ಭಾನುವಾರ ದೇವಸ್ಥಾನದ ಹತ್ರ ಕೂತು ನೋಡ್ತೀವಿ. ಆವಕ ನಂಬರು ಸಿಕ್ಕ ತಕ್ಷಣ ಇಲ್ಲಿ ಹಾಕ್ತೀನಿ.